ಎದುರಿಗೆ ಏನೂ ಇಲ್ಲ, ಆದರೂ ಇನ್‌ಪುಟ್ ಆನ್: ಎರಡು ವೈರಿನ ಪ್ರಾಕ್ಸಿಮಿಟಿ ಸೆನ್ಸರ್‌ನ ಲೀಕೇಜ್ ಹಿಡಿಯುವುದು ಹೇಗೆ

ಸೆನ್ಸರ್ ಮುಂದೆ ಲೋಹ ಇಲ್ಲ. ಸೆನ್ಸರ್ ಮೇಲಿನ ಎಲ್‌ಇಡಿ ಆರಿದೆ. ಆದರೆ ಪ್ಯಾನೆಲ್ ತೆರೆದು ನೋಡಿದರೆ ಪಿಎಲ್‌ಸಿ ಇನ್‌ಪುಟ್ ಕಾರ್ಡಿನ ಎಲ್‌ಇಡಿ ಉರಿಯುತ್ತಿದೆ, ಪ್ರೋಗ್ರಾಮಿನಲ್ಲೂ ಆ ಬಿಟ್ 1 ಅಂತಲೇ ಇದೆ. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಸೆನ್ಸರ್ ಬದಲಾಯಿಸುತ್ತಾರೆ, ಸರಿಹೋಗದಿದ್ದರೆ ಕಾರ್ಡ್ ಬದಲಾಯಿಸುತ್ತಾರೆ. ಎರಡೂ ಚೆನ್ನಾಗಿಯೇ ಇರುವ ಸಾಧ್ಯತೆ ಜಾಸ್ತಿ. ತೊಂದರೆ ಇರುವುದು ಅವೆರಡರ ಜೋಡಿಯಲ್ಲಿ.

ಎರಡು ವೈರಿನ ಸೆನ್ಸರ್‌ಗೆ ಬೇರೆ ಸಪ್ಲೈ ಇಲ್ಲ ಅನ್ನುವುದನ್ನು ಮೊದಲು ಗಮನಿಸಿ. ಮೂರು ವೈರಿನದಾದರೆ ಬ್ರೌನ್ ಮತ್ತು ಬ್ಲೂ ವೈರುಗಳಿಂದ ತನಗೆ ಬೇಕಾದ ಕರೆಂಟ್ ಎಳೆದುಕೊಳ್ಳುತ್ತದೆ, ಬ್ಲ್ಯಾಕ್ ವೈರಿನಲ್ಲಿ ಸಿಗ್ನಲ್ ಕೊಡುತ್ತದೆ. ಎರಡು ವೈರಿನದರಲ್ಲಿ ಈ ಸವಲತ್ತು ಇಲ್ಲ. ಅದು ಸ್ವಿಚ್ಚಿನ ಹಾಗೆ ಇನ್‌ಪುಟ್ ಜೊತೆ ಸರಣಿಯಲ್ಲಿ ಕೂತಿರುತ್ತದೆ. ಆದರೆ ಒಳಗಿನ ಆಸಿಲೇಟರ್ ಯಾವಾಗಲೂ ಓಡುತ್ತಿರಬೇಕು, ಇಲ್ಲದಿದ್ದರೆ ಲೋಹ ಬಂದದ್ದು ಗೊತ್ತಾಗುವುದು ಹೇಗೆ? ಹಾಗಾಗಿ ಆಫ್ ಇದ್ದಾಗಲೂ ಅದು ಸ್ವಲ್ಪ ಕರೆಂಟ್ ಎಳೆಯಲೇಬೇಕು, ಆ ಕರೆಂಟ್ ಹಾದುಹೋಗಲು ಇರುವ ದಾರಿ ಒಂದೇ, ಇನ್‌ಪುಟ್ ಕಾರ್ಡಿನ ಒಳಗಿಂದ. ಇದನ್ನೇ ಲೀಕೇಜ್ ಕರೆಂಟ್ ಅಂತ ಡೇಟಾಶೀಟಿನಲ್ಲಿ ಬರೆಯುತ್ತಾರೆ. ಹೆಸರು ಕೇಳಿ ಇನ್ಸುಲೇಶನ್ ಹಾಳಾಗಿದೆ ಅಂದುಕೊಳ್ಳಬೇಡಿ. ಇದು ಸೆನ್ಸರ್ ಬದುಕಿರಲು ಬೇಕಾದ ಕರೆಂಟ್.

24 ವೋಲ್ಟ್ ಡಿಸಿ ಸೆನ್ಸರ್‌ಗಳಲ್ಲಿ ಇದು ಸಾಮಾನ್ಯವಾಗಿ 1 ಮಿಲಿಆಂಪ್ ಆಸುಪಾಸಿನಲ್ಲಿ ಇರುತ್ತದೆ, ಒಳ್ಳೆಯವುಗಳಲ್ಲಿ ಅರ್ಧ ಮಿಲಿಆಂಪ್‌ವರೆಗೂ ಇಳಿಯುತ್ತದೆ.

ಈಗ ಕಾರ್ಡಿನ ಕಡೆಯಿಂದ ನೋಡೋಣ. ಇನ್‌ಪುಟ್‌ಗೆ ಸೆನ್ಸರ್ ಅಂದರೆ ಏನೆಂದು ಗೊತ್ತಿಲ್ಲ. ಅದಕ್ಕೆ ಕಾಣುವುದು ತನ್ನ ಟರ್ಮಿನಲ್ ಮೇಲಿನ ವೋಲ್ಟೇಜ್ ಮಾತ್ರ. ಲೀಕೇಜ್ ಕರೆಂಟ್ ಇನ್‌ಪುಟ್‌ನ ರೆಸಿಸ್ಟೆನ್ಸ್ ಮೂಲಕ ಹರಿದಾಗ ಅಲ್ಲೊಂದು ವೋಲ್ಟೇಜ್ ಎದ್ದು ನಿಲ್ಲುತ್ತದೆ. ಅದು ಕಾರ್ಡಿನ ಆಫ್ ಮಿತಿಗಿಂತ ಕೆಳಗಿದ್ದರೆ ಯಾರಿಗೂ ತೊಂದರೆಯಿಲ್ಲ, ಮೇಲಿದ್ದರೆ ಕಾರ್ಡ್ ಮೋಸಹೋಗುತ್ತದೆ. ಸಾಮಾನ್ಯವಾಗಿ 24 ವೋಲ್ಟ್ ಕಾರ್ಡುಗಳು 5 ವೋಲ್ಟ್‌ಗಿಂತ ಕೆಳಗಿದ್ದರೆ ಖಂಡಿತ ಆಫ್ ಎಂದು, 11 ಅಥವಾ 15 ವೋಲ್ಟ್‌ಗಿಂತ ಮೇಲಿದ್ದರೆ ಖಂಡಿತ ಆನ್ ಎಂದು ಖಾತ್ರಿ ಕೊಡುತ್ತವೆ. ನಡುವಿನ ಜಾಗಕ್ಕೆ ಯಾರ ಖಾತ್ರಿಯೂ ಇಲ್ಲ. ನಮ್ಮ ತೊಂದರೆ ಹುಟ್ಟುವುದೇ ಅಲ್ಲಿ.

ಸ್ಟ್ಯಾಂಡರ್ಡ್ ಪಾಲಿಸಿದ ಎರಡು ವಸ್ತುಗಳನ್ನು ಜೋಡಿಸಿದರೂ ಇದು ಆಗಬಹುದು, ಮತ್ತು ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಪ್ರಾಕ್ಸಿಮಿಟಿ ಸೆನ್ಸರ್‌ಗಳ ಸ್ಟ್ಯಾಂಡರ್ಡ್ ಆದ ಐಇಸಿ 60947-5-2 ಪ್ರಕಾರ ಎರಡು ವೈರಿನ ಡಿಸಿ ಸೆನ್ಸರ್ ಆಫ್ ಇದ್ದಾಗ 1.5 ಮಿಲಿಆಂಪ್‌ವರೆಗೆ ಬಿಡಬಹುದು. ಪಿಎಲ್‌ಸಿ ಇನ್‌ಪುಟ್‌ಗಳ ಸ್ಟ್ಯಾಂಡರ್ಡ್ ಐಇಸಿ 61131-2ರಲ್ಲಿ ಟೈಪ್ 1 ಅನ್ನುವ ಇನ್‌ಪುಟ್ ಆಫ್ ಆಗಿರುತ್ತದೆ ಎಂಬ ಖಾತ್ರಿ ಇರುವುದು 0.5 ಮಿಲಿಆಂಪ್‌ವರೆಗೆ ಮಾತ್ರ. ಟೈಪ್ 1 ಮುಖ್ಯವಾಗಿ ಪುಷ್ ಬಟನ್, ಲಿಮಿಟ್ ಸ್ವಿಚ್, ರಿಲೇ ಕಾಂಟ್ಯಾಕ್ಟ್ ಥರದವಕ್ಕೆ, ಮೂರು ವೈರಿನ ಸೆನ್ಸರ್‌ಗಳಿಗೆ. ಎರಡು ವೈರಿನ ಸೆನ್ಸರ್‌ಗೆ ಅಂತಲೇ ಟೈಪ್ 2 ಮತ್ತು ಟೈಪ್ 3 ಇವೆ, ಟೈಪ್ 3ರ ಆಫ್ ಮಿತಿ ಸರಿಯಾಗಿ 1.5 ಮಿಲಿಆಂಪ್. ಹಾಗಾಗಿ ಕಾರ್ಡಿನ ಡೇಟಾಶೀಟ್ ತೆಗೆದರೆ ಮೊದಲು ಕಣ್ಣು ಹಾಕಬೇಕಾದ್ದು ಈ ಟೈಪ್ ಸಾಲಿನ ಮೇಲೆ. ಅಲ್ಲಿ ಟೈಪ್ 3 ಅಂತ ಇದ್ದೂ ಇನ್‌ಪುಟ್ ಆನ್ ಉಳಿದಿದ್ದರೆ, ಆರೋಗ್ಯವಾಗಿರುವ ಒಂದೇ ಸೆನ್ಸರಿನ ಲೀಕೇಜ್ ಅದಕ್ಕೆ ಕಾರಣ ಆಗಲಾರದು. ಬೇರೆ ಕಡೆ ಹುಡುಕಿ.

ಒಂದು ಇಂಡೆಕ್ಸಿಂಗ್ ಟೇಬಲ್

ತಿರುಗುವ ಟೇಬಲ್ ಒಂದು, ಅದರ ಹೋಮ್ ಪೊಸಿಶನ್‌ಗೆ ಎರಡು ವೈರಿನ ಇಂಡಕ್ಟಿವ್ ಸೆನ್ಸರ್. ಬಹಳ ಕಾಲ ತಕರಾರಿಲ್ಲದೆ ಓಡಿತ್ತು. ಹಳೆಯ ಇನ್‌ಪುಟ್ ಕಾರ್ಡ್ ಕೆಟ್ಟಿತು, ಜಾಗಕ್ಕೆ ಬೇರೆ ಚಿಕ್ಕ ಮಾಡ್ಯೂಲ್ ಹಾಕಿದರು. ಅಲ್ಲಿಂದ ಶುರುವಾಯಿತು ರಗಳೆ. ಆಪರೇಟರ್ ಹೇಳಿದ್ದು ಹೀಗೆ: "ಸರ್, ಮಷೀನ್ ಆನ್ ಮಾಡಿದಾಗ ಸರಿ ಇರುತ್ತೆ. ಒಂದು ಸುತ್ತು ಹಾಕಿದ ಮೇಲೆ ಹೋಮ್ ಸಿಗ್ನಲ್ ಅಂಟಿಕೊಂಡುಬಿಡುತ್ತೆ. ಪವರ್ ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಒಂದು ಸುತ್ತಿಗೆ ಸರಿ."

ಈ ಒಂದು ಮಾತಿನಲ್ಲಿ ಅರ್ಧ ಉತ್ತರ ಇದೆ. ಲೋಹ ಒಮ್ಮೆ ಬಂದುಹೋಗುವ ತನಕ ಸರಿ, ಆಮೇಲೆ ಅಂಟಿಕೊಳ್ಳುತ್ತದೆ ಅಂದರೆ ಲೀಕೇಜ್ ಬಗ್ಗೆ ಬಲವಾದ ಅನುಮಾನ ಬರಬೇಕು. ಯಾಕೆಂದರೆ ಇನ್‌ಪುಟ್ ಆನ್ ಆಗುವ ವೋಲ್ಟೇಜ್ ಮತ್ತು ಆಫ್ ಆಗುವ ವೋಲ್ಟೇಜ್ ಒಂದೇ ಅಲ್ಲ. ಸಿಗ್ನಲ್ ಅಲುಗಾಡಿದಾಗ ಇನ್‌ಪುಟ್ ಪಟಪಟ ಬದಲಾಗಬಾರದು ಅಂತ ಎರಡರ ನಡುವೆ ಒಂದಷ್ಟು ಅಂತರ ಇಟ್ಟಿರುತ್ತಾರೆ, ಹಿಸ್ಟೆರಿಸಿಸ್ ಅನ್ನುವುದು ಇದನ್ನೇ. ಈ ಮಾಡ್ಯೂಲ್ ಸುಮಾರು 10 ವೋಲ್ಟ್ ದಾಟಿದಾಗ ಆನ್ ಆಗುತ್ತಿತ್ತು, ಸುಮಾರು 7 ವೋಲ್ಟ್‌ಗಿಂತ ಕೆಳಗೆ ಬಂದಾಗ ಆಫ್ ಆಗುತ್ತಿತ್ತು. ಸೆನ್ಸರ್ ಆಫ್ ಇದ್ದಾಗ ಟರ್ಮಿನಲ್ ಮೇಲೆ ಇದ್ದದ್ದು 8.5 ವೋಲ್ಟ್. ಪವರ್ ಹಾಕಿದಾಗ ವೋಲ್ಟೇಜ್ ಕೆಳಗಿಂದ ಏರಿ 8.5ಕ್ಕೆ ನಿಲ್ಲುತ್ತದೆ, 10 ಮುಟ್ಟುವುದಿಲ್ಲ, ಆಫ್ ಆಗಿಯೇ ಉಳಿಯುತ್ತದೆ. ಲೋಹ ಬಂದರೆ 20 ವೋಲ್ಟ್ ಆಗುತ್ತದೆ, ಆನ್. ಲೋಹ ಹೋದರೆ ಮತ್ತೆ 8.5ಕ್ಕೆ ಇಳಿಯುತ್ತದೆ, ಆದರೆ 7 ಮುಟ್ಟುವುದಿಲ್ಲ, ಆನ್ ಆಗಿಯೇ ಉಳಿಯುತ್ತದೆ. ಅದೇ 8.5 ವೋಲ್ಟ್, ಮೊದಲು ಆಫ್, ಆಮೇಲೆ ಆನ್.

ಹಳೆಯ ಕಾರ್ಡಿನಲ್ಲಿ ಯಾಕೆ ಇದು ಕಾಣಿಸಲಿಲ್ಲ? ಆ ಕಾರ್ಡಿನ ಇನ್‌ಪುಟ್ 24 ವೋಲ್ಟ್‌ಗೆ 7 ಮಿಲಿಆಂಪ್ ಎಳೆಯುತ್ತಿತ್ತು, ಅಂದರೆ ಸುಮಾರು 3.4 ಕಿಲೋಓಮ್. ಈ ಸೆನ್ಸರಿನ 0.85 ಮಿಲಿಆಂಪ್ ಅದರಲ್ಲಿ ಹರಿದರೆ ಎದ್ದೇಳುವುದು 3 ವೋಲ್ಟ್‌ಗೂ ಕಡಿಮೆ. ಹೊಸ ಮಾಡ್ಯೂಲ್ ಎಳೆಯುವುದು 2.4 ಮಿಲಿಆಂಪ್, ಅಂದರೆ 10 ಕಿಲೋಓಮ್. ಲೀಕೇಜ್ ಅಷ್ಟೇ ಇದೆ, ವೋಲ್ಟೇಜ್ ಮೂರು ಪಟ್ಟು ಆಯಿತು. ಕಾರ್ಡ್ ಬಿಸಿಯಾಗಬಾರದು ಅಂತ ಇನ್‌ಪುಟ್ ಕರೆಂಟ್ ಕಡಿಮೆ ಮಾಡಿದ ಮಾಡ್ಯೂಲ್‌ಗಳು ಬಹಳ ಇವೆ. ಅದಕ್ಕೇ "ಕಾರ್ಡ್ ಬದಲಾಯಿಸಿದ ಮೇಲೆ ಶುರುವಾಯಿತು" ಅನ್ನುವ ದೂರು ಬಂದರೆ ಕಿವಿ ನಿಮಿರಬೇಕು.

ಮೀಟರ್ ಎಲ್ಲಿ ಹಿಡಿಯಬೇಕು

ವೈರ್ ಬಿಚ್ಚುವ ಮೊದಲು ಮಷೀನ್ ಚಲಿಸದ ಹಾಗೆ ಲಾಕ್ ಮಾಡಿಕೊಳ್ಳಿ. ಹೋಮ್ ಸಿಗ್ನಲ್ ಬದಲಾದ ತಕ್ಷಣ ಪ್ರೋಗ್ರಾಮ್ ಮುಂದಿನ ಹೆಜ್ಜೆಗೆ ಹೋಗಿ ಟೇಬಲ್ ತಿರುಗಿಬಿಡಬಹುದು, ಕೈ ಒಳಗಿದ್ದರೆ ದೊಡ್ಡ ಅನಾಹುತ. ಗಾಳಿಯಿಂದ ಓಡುವ ಮಷೀನ್ ಆದರೆ ಗಾಳಿಯನ್ನೂ ಬಂದ್ ಮಾಡಿ. ಕಂಟ್ರೋಲ್‌ನ 24 ವೋಲ್ಟ್ ಮಾತ್ರ ಇರಲಿ.

ಮೊದಲು ಏನನ್ನೂ ಬಿಚ್ಚದೆ ಡಿಸಿ ವೋಲ್ಟ್ ಅಳೆಯಿರಿ. ಒಂದು ಪ್ರೋಬ್ ಆ ಇನ್‌ಪುಟ್ ಟರ್ಮಿನಲ್ ಮೇಲೆ, ಇನ್ನೊಂದು ಆ ಇನ್‌ಪುಟ್‌ನ ಕಾಮನ್ ಮೇಲೆ. ಸೆನ್ಸರ್ ಮುಂದೆ ಏನೂ ಇರಬಾರದು. ಇಲ್ಲಿ ಸಿಗುವ ಒಂದು ಸಂಖ್ಯೆಯೇ ದಾರಿ ತೋರಿಸುತ್ತದೆ, ಅದಕ್ಕೇ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

20 ವೋಲ್ಟ್ ಆಸುಪಾಸು ಬಂದರೆ ಸೆನ್ಸರ್ ನಿಜವಾಗಿಯೂ ಆನ್ ಆಗಿದೆ. ಎರಡು ವೈರಿನ ಸೆನ್ಸರ್ ಆನ್ ಆದಾಗಲೂ ತನಗೆ ಅಂತ ಕೆಲವು ವೋಲ್ಟ್ ಉಳಿಸಿಕೊಳ್ಳುತ್ತದೆ, ಅದರಿಂದ 24 ಪೂರ್ತಿ ಬರುವುದಿಲ್ಲ. ಆಗ ಲೀಕೇಜ್ ಮರೆತು ಸೆನ್ಸರ್ ಮೂತಿ ನೋಡಿ. ಲೋಹದ ಪುಡಿ ಅಂಟಿರಬಹುದು, ಫ್ಲಶ್ ಆಗಿ ಕೂರಿಸಬಾರದ ಮಾದರಿಯನ್ನು ಕಬ್ಬಿಣದ ಬ್ರಾಕೆಟ್ ಒಳಗೆ ಪೂರ್ತಿ ಇಳಿಸಿರಬಹುದು, ಅಥವಾ ಎನ್‌ಓ ಬದಲು ಎನ್‌ಸಿ ಮಾದರಿ ಬಂದಿರಬಹುದು.

ಸಪ್ಲೈಯಷ್ಟೇ, ಅಂದರೆ ಹೆಚ್ಚುಕಮ್ಮಿ ಪೂರ್ತಿ 24 ಬಂದರೆ ಸೆನ್ಸರ್ ಅನ್ನು ದಾಟಿ ಎಲ್ಲೋ ನೇರ ಜೋಡಣೆ ಆಗಿದೆ. ಕೇಬಲ್ ಒಳಗೆ ಎರಡು ವೈರ್ ಅಂಟಿಕೊಂಡಿರುತ್ತವೆ, ಇಲ್ಲವೇ ಸೆನ್ಸರ್ ಒಳಗೇ ಶಾರ್ಟ್ ಆಗಿರುತ್ತದೆ. ಸೊನ್ನೆ ಇದ್ದೂ ಬಿಟ್ 1 ಆಗಿದ್ದರೆ ಕಾರ್ಡ್ ಕೆಟ್ಟಿದೆ, ಅಥವಾ ಯಾರೋ ಸಾಫ್ಟ್‌ವೇರಿನಲ್ಲಿ ಫೋರ್ಸ್ ಮಾಡಿ ಮರೆತಿದ್ದಾರೆ.

5ರಿಂದ 15 ವೋಲ್ಟ್ ನಡುವೆ, ಅಲುಗಾಡದೆ ನಿಂತ ಒಂದು ವೋಲ್ಟೇಜ್ ಬಂದರೆ ಅದು ಲೀಕೇಜ್‌ನ ಸಹಿ. ಟೇಬಲ್‌ನಲ್ಲಿ ಸಿಕ್ಕಿದ್ದು 8.5.

ಆದರೆ ಇಲ್ಲಿಗೇ ನಿಲ್ಲಬೇಡಿ. ಆ ಕರೆಂಟ್ ಸೆನ್ಸರಿನಿಂದಲೇ ಬರುತ್ತಿದೆಯಾ ಅಂತ ನೋಡಬೇಕು. ಸೆನ್ಸರ್‌ಗೆ ಎಂ12 ಕನೆಕ್ಟರ್ ಇದ್ದರೆ ಸೆನ್ಸರ್ ತುದಿಯಲ್ಲಿ ಅದನ್ನು ಬಿಚ್ಚಿ, ಕೇಬಲ್ ಹಾಗೇ ಬಿಡಿ, ಮತ್ತೆ ಟರ್ಮಿನಲ್ ನೋಡಿ. ಈಗ ಸೊನ್ನೆಗೆ ಇಳಿಯಬೇಕು. ಇಳಿಯದೆ ಕೆಲವು ವೋಲ್ಟ್ ಉಳಿದಿದ್ದರೆ ಕೇಬಲ್ ಅಥವಾ ಕನೆಕ್ಟರ್ ಒಳಗೆ ನೀರು ಇಲ್ಲವೇ ಕೂಲಂಟ್ ಹೊಕ್ಕಿದೆ. ಕೂಲಂಟ್ ಹಾರುವ ಜಾಗದಲ್ಲಿ ಕನೆಕ್ಟರ್‌ನ ಓ-ರಿಂಗ್ ಹರಿದರೆ ಪಿನ್‌ಗಳ ನಡುವೆ ಒಂದು ಮಿಲಿಆಂಪ್ ಹರಿಯುವುದು ದೊಡ್ಡ ಮಾತಲ್ಲ. ಆಗ ರೆಸಿಸ್ಟರ್ ಹಾಕಿ ಮುಚ್ಚಿಹಾಕುವುದು ತಪ್ಪು, ಕೇಬಲ್ ಬದಲಾಯಿಸಿ.

ಸೊನ್ನೆಗೆ ಇಳಿದರೆ ಕನೆಕ್ಟರ್ ಮತ್ತೆ ಹಾಕಿ, ಟರ್ಮಿನಲ್‌ನಿಂದ ಸಿಗ್ನಲ್ ವೈರ್ ಬಿಚ್ಚಿ, ಮೀಟರನ್ನು ಮಿಲಿಆಂಪ್‌ಗೆ ತಿರುಗಿಸಿ ವೈರ್ ಮತ್ತು ಟರ್ಮಿನಲ್ ನಡುವೆ ಸರಣಿಯಲ್ಲಿ ಸೇರಿಸಿ. ಪ್ರೋಬ್ ಸರಿಯಾದ ಸಾಕೆಟ್‌ನಲ್ಲಿ ಇದೆಯಾ ನೋಡಿಕೊಳ್ಳಿ. ಬರುವ ಅಂಕಿಯನ್ನು ಡೇಟಾಶೀಟಿನ ಗರಿಷ್ಠ ಲೀಕೇಜ್ ಜೊತೆ ಹೋಲಿಸಿ. ಟೇಬಲ್‌ನ ಸೆನ್ಸರ್‌ಗೆ ಡೇಟಾಶೀಟ್ 1 ಮಿಲಿಆಂಪ್ ಒಳಗೆ ಅಂದಿತ್ತು, ಸಿಕ್ಕಿದ್ದು 0.85. ಸೆನ್ಸರ್ ಆರೋಗ್ಯವಾಗಿದೆ. ಅದೇ 1.5 ಮಿಲಿಆಂಪ್ ಬಂದಿದ್ದರೆ ಸೆನ್ಸರ್ ಒಳಗೇ ಏನೋ ಹೋಗಿದೆ ಅಂತ ಬದಲಾಯಿಸಬೇಕಿತ್ತು.

ಸೆನ್ಸರ್ ಬದಲಾಯಿಸಿದಾಗ ಸರಿಹೋಯಿತು ಅನ್ನುವವರ ಮಾತನ್ನೂ ಇದರ ಬೆಳಕಿನಲ್ಲಿ ನೋಡಿ. ಒಂದೇ ಮಾದರಿಯ ಎರಡು ಸೆನ್ಸರ್‌ಗಳ ಲೀಕೇಜ್ ಒಂದೇ ಇರಬೇಕಿಲ್ಲ. ಹೊಸದರದ್ದು 0.6 ಇದ್ದರೆ ಇದೇ ಮಾಡ್ಯೂಲ್ ಮೇಲೆ 6 ವೋಲ್ಟ್ ಬರುತ್ತದೆ, 7ಕ್ಕಿಂತ ಕೆಳಗೆ, ಇನ್‌ಪುಟ್ ಬಿಡುತ್ತದೆ. ಆದರೆ ಖಾತ್ರಿಯ 5 ವೋಲ್ಟ್ ಒಳಗೆ ಬಂದಿಲ್ಲ. ಹಳೆಯದು ಕೆಟ್ಟಿತ್ತು ಅಂತ ಎಲ್ಲರೂ ನಂಬುತ್ತಾರೆ, ದೋಷ ಮಾತ್ರ ಅಲ್ಲೇ ಕಾದು ಕೂತಿರುತ್ತದೆ.

ಪ್ರೋಗ್ರಾಮಿನಲ್ಲಿ ಟೈಮರ್ ಹಾಕುವುದು, ಇನ್‌ಪುಟ್ ಫಿಲ್ಟರ್ ಸಮಯ ಹೆಚ್ಚಿಸುವುದು, ಸೆನ್ಸರನ್ನು ಹಿಂದೆ ಸರಿಸುವುದು, ಇವು ಯಾವುದರಿಂದಲೂ ಪ್ರಯೋಜನ ಇಲ್ಲ. ಫಿಲ್ಟರ್ ತೆಗೆಯುವುದು ಕ್ಷಣಿಕವಾಗಿ ಬಂದುಹೋಗುವ ನಾಯ್ಸ್ ಅನ್ನು. ಇದು ನಿಂತ ವೋಲ್ಟೇಜ್, ಎಷ್ಟು ಹೊತ್ತು ಕಾದರೂ ಹೋಗುವುದಿಲ್ಲ.

ಬ್ಲೀಡರ್ ರೆಸಿಸ್ಟರ್

ಪರಿಹಾರ ಸುಲಭ: ಲೀಕೇಜ್‌ಗೆ ಇನ್ನೊಂದು ದಾರಿ ಮಾಡಿಕೊಡಿ. ಇನ್‌ಪುಟ್‌ಗೆ ಸಮಾನಾಂತರವಾಗಿ ಒಂದು ರೆಸಿಸ್ಟರ್ ಹಾಕಿದರೆ ಕರೆಂಟ್ ಹಂಚಿಹೋಗುತ್ತದೆ, ವೋಲ್ಟೇಜ್ ಇಳಿಯುತ್ತದೆ. ರೆಸಿಸ್ಟರ್ ಇರಬೇಕಾದ್ದು ಇನ್‌ಪುಟ್ ಟರ್ಮಿನಲ್ ಮತ್ತು ಅದೇ ಇನ್‌ಪುಟ್‌ನ ಕಾಮನ್ ನಡುವೆ. ಕಾಮನ್ 0 ವೋಲ್ಟ್‌ಗೆ ಇದ್ದರೆ 0 ವೋಲ್ಟ್‌ಗೆ, ಕಾಮನ್ 24ಕ್ಕೆ ಇದ್ದರೆ 24ಕ್ಕೆ. ಸೆನ್ಸರಿನ ಎರಡು ವೈರುಗಳ ಮಧ್ಯೆ ಹಾಕಬೇಡಿ. ಅಲ್ಲಿ ಹಾಕಿದರೆ ಲೀಕೇಜ್ ಇನ್ನೂ ಜಾಸ್ತಿಯಾಗುತ್ತದೆ, ಹೀಗೆ ಹಾಕಿ "ರೆಸಿಸ್ಟರ್ ಕೆಲಸ ಮಾಡಲ್ಲ" ಅನ್ನುವವರು ಇದ್ದಾರೆ.

ರೆಸಿಸ್ಟರ್ ಎಷ್ಟು ಓಮ್‌ನದಿರಬೇಕು ಅಂತ ಲೆಕ್ಕ ಹಾಕುವಾಗ ಅಳೆದ ಲೀಕೇಜ್ ಹಿಡಿಯಬೇಡಿ, ಡೇಟಾಶೀಟಿನ ಗರಿಷ್ಠವನ್ನು ಹಿಡಿಯಿರಿ, ನಾಳೆ ಬೇರೆ ಸೆನ್ಸರ್ ಬಂದರೂ ತಡೆಯಬೇಕಲ್ವಾ. ಖಾತ್ರಿಯ ಮಿತಿ 5 ವೋಲ್ಟ್ ಆದರೆ 4ಕ್ಕೆ ಗುರಿ ಇಡಿ. ಟೇಬಲ್‌ನ ಲೆಕ್ಕ:

```
4 V / 1 mA = 4 kΩ
1/R = 1/4 - 1/10 = 0.15
R = 6.7 kΩ  ->  5.6 kΩ
```

ಒಟ್ಟು 4 ಕಿಲೋಓಮ್ ಬೇಕು, ಅದರಲ್ಲಿ ಮಾಡ್ಯೂಲ್‌ನ ಒಳಗಿನ 10 ಕಿಲೋಓಮ್ ಈಗಾಗಲೇ ಇದೆ. ಉಳಿದದ್ದು 6.7, ಸುಲಭವಾಗಿ ಸಿಗುವ ಅದಕ್ಕಿಂತ ಸ್ವಲ್ಪ ಕಡಿಮೆ ಮೌಲ್ಯ 5.6 ಕಿಲೋಓಮ್. ಸೆನ್ಸರ್ ಆನ್ ಇದ್ದಾಗ ರೆಸಿಸ್ಟರ್ ಮೇಲೆ ಹೆಚ್ಚೆಂದರೆ ಪೂರ್ತಿ 24 ವೋಲ್ಟ್ ಬಿತ್ತು ಅಂದುಕೊಂಡರೂ ಬಿಸಿ 0.1 ವ್ಯಾಟ್‌ನಷ್ಟೇ. ಅರ್ಧ ವ್ಯಾಟಿನದು ಹಾಕಿದರೆ ಆರಾಮವಾಗಿ ತಡೆಯುತ್ತದೆ.

ಕೈಗೆ ಸಿಕ್ಕಿದ ಕಡಿಮೆ ಓಮ್‌ನದನ್ನು ಸುಮ್ನೆ ಹಾಕಿಬಿಡಬೇಡಿ. 470 ಓಮ್ ಹಾಕಿದರೂ ಲೀಕೇಜ್ ವೋಲ್ಟೇಜ್ ಮಾಯವಾಗುತ್ತದೆ ನಿಜ, ಆದರೆ ಸೆನ್ಸರ್ ಆನ್ ಆದಾಗ 20 ವೋಲ್ಟ್‌ಗೆ ಸುಮಾರು 43 ಮಿಲಿಆಂಪ್ ಹರಿದು 0.85 ವ್ಯಾಟ್ ಬಿಸಿಯಾಗುತ್ತದೆ. ಅರ್ಧ ವ್ಯಾಟಿನ ರೆಸಿಸ್ಟರ್ ಕಪ್ಪಾಗಿ ಕೊನೆಗೆ ಕಿತ್ತುಹೋಗುತ್ತದೆ, ಆಗ ಹಳೆಯ ದೋಷ ವಾಪಸ್ ಬರುತ್ತದೆ.

ಒಂದು ಮಾತು ಲೆಕ್ಕದ ಬಗ್ಗೆ. ಇನ್‌ಪುಟ್ ಒಳಗೆ ಆಪ್ಟೋಕಪ್ಲರ್, ಕೆಲವೊಮ್ಮೆ ಝೀನರ್ ಇರುತ್ತವೆ, ಕೆಲವು ಕಾರ್ಡುಗಳು ಕರೆಂಟನ್ನು ತಾವೇ ಮಿತಿಯಲ್ಲಿ ಇಡುತ್ತವೆ. ಹಾಗಾಗಿ 24 ವೋಲ್ಟ್‌ನಲ್ಲಿ ಎಳೆಯುವ ಕರೆಂಟ್ ನೋಡಿ ಲೆಕ್ಕ ಹಾಕಿದ ಓಮ್ ಬೆಲೆ 8 ವೋಲ್ಟ್‌ನಲ್ಲಿ ಹಾಗೇ ಇರುತ್ತದೆ ಅಂತ ಹೇಳಲಾಗದು. ಟೇಬಲ್‌ನ ಮಾಡ್ಯೂಲ್ ನೇರ ನಡೆಯಿತು, 0.85 ಮಿಲಿಆಂಪ್‌ಗೆ 8.5 ವೋಲ್ಟ್ ಬಂತು. ನಿಮ್ಮದು ಹಾಗೆ ಬರದಿದ್ದರೆ ಕಾರ್ಡನ್ನು ಲೆಕ್ಕದಿಂದ ಪೂರ್ತಿ ಬಿಟ್ಟುಬಿಡಿ. 4 ವೋಲ್ಟ್ ಭಾಗಿಸು 1 ಮಿಲಿಆಂಪ್, 4 ಕಿಲೋಓಮ್, ಅದಕ್ಕಿಂತ ಕೆಳಗಿನ 3.9 ಹಾಕಿ. ಕಾರ್ಡ್ ಹೇಗೇ ವರ್ತಿಸಲಿ, ವೋಲ್ಟೇಜ್ 4 ದಾಟುವುದಿಲ್ಲ.

ಈ ರೆಸಿಸ್ಟರಿನಿಂದ ಇನ್ನೊಂದು ಒಳ್ಳೆಯದೂ ಆಗುತ್ತದೆ. ಎರಡು ವೈರಿನ ಸೆನ್ಸರ್ ಆನ್ ಇರುವಾಗ ಸರಿಯಾಗಿ ಕೆಲಸ ಮಾಡಲು ಕನಿಷ್ಠ ಇಷ್ಟು ಕರೆಂಟ್ ಹರಿಯಬೇಕು ಅಂತ ಡೇಟಾಶೀಟಿನಲ್ಲಿ ಇರುತ್ತದೆ, ಸಾಮಾನ್ಯವಾಗಿ 3 ರಿಂದ 5 ಮಿಲಿಆಂಪ್. ಟೇಬಲ್‌ನ ಸೆನ್ಸರ್‌ಗೆ 3 ಬೇಕಿತ್ತು, ಹೊಸ ಮಾಡ್ಯೂಲ್ 20 ವೋಲ್ಟ್‌ಗೆ ಎಳೆಯುತ್ತಿದ್ದದ್ದು 2 ಮಾತ್ರ. ಅದು ಅಲ್ಲಿಯವರೆಗೆ ಆನ್ ಆಗುತ್ತಿದ್ದದ್ದು ಅದೃಷ್ಟ. ರೆಸಿಸ್ಟರ್ ಹಾಕಿದ ಮೇಲೆ ಅದರಿಂದ 3.6, ಇನ್‌ಪುಟ್‌ನಿಂದ 2, ಒಟ್ಟು 5.6 ಮಿಲಿಆಂಪ್ ಆಯಿತು. ಆಫ್ ಕಡೆಯೂ ಸರಿಹೋಯಿತು, ಆನ್ ಕಡೆಯೂ ಗಟ್ಟಿಯಾಯಿತು.

ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಲೋಹ ತೋರಿಸಿ ತೆಗೆದು ಇನ್‌ಪುಟ್ ಅಂಟಿಕೊಳ್ಳುವ ಹಾಗೆ ಮಾಡಿ, ಆಮೇಲೆ ರೆಸಿಸ್ಟರಿನ ಎರಡು ಕಾಲುಗಳನ್ನು ಕ್ಲಿಪ್ ವೈರಿನಿಂದ ಇನ್‌ಪುಟ್‌ಗೂ ಕಾಮನ್‌ಗೂ ಸೇರಿಸಿ. ಕಾರ್ಡಿನ ಎಲ್‌ಇಡಿ ಆ ಕ್ಷಣವೇ ಆರಬೇಕು. ಇನ್ನು ಅನುಮಾನ ಉಳಿಯುವುದಿಲ್ಲ. ಆಮೇಲೆ ಕಾಲುಗಳಿಗೆ ಸ್ಲೀವ್ ಹಾಕಿ ಟರ್ಮಿನಲ್ ಬ್ಲಾಕ್‌ನಲ್ಲಿ ಬಿಗಿಮಾಡಿ, ಡ್ರಾಯಿಂಗಿನಲ್ಲೂ ಬರೆದಿಡಿ. ಬರೆಯದಿದ್ದರೆ ಮುಂದೆ ಪ್ಯಾನೆಲ್ ತೆರೆದವರು ಇದ್ಯಾಕೆ ಇಲ್ಲಿ ಅಂತ ಕಿತ್ತುಹಾಕುತ್ತಾರೆ. ಟೇಬಲ್‌ನಲ್ಲಿ ಹಾಕಿದ ಮೇಲೆ ಆಫ್ ವೋಲ್ಟೇಜ್ 3.05ಕ್ಕೆ ಇಳಿಯಿತು, ಆನ್ ವೋಲ್ಟೇಜ್ 20ರಲ್ಲೇ ನಿಂತಿತು. ಆನ್ ವೋಲ್ಟೇಜನ್ನೂ ಅಳೆಯಲು ಮರೆಯಬೇಡಿ, ಅದು ಕಾರ್ಡಿನ ಆನ್ ಮಿತಿಗಿಂತ ಚೆನ್ನಾಗಿ ಮೇಲಿರಬೇಕು.

ರೆಸಿಸ್ಟರ್ ಸಾಲದ ಕಡೆ

ಒಂದೇ ಇನ್‌ಪುಟ್‌ಗೆ ಎರಡು ಮೂರು ಸೆನ್ಸರ್ ಸಮಾನಾಂತರವಾಗಿ ಜೋಡಿಸಿದ್ದರೆ ಲೀಕೇಜ್‌ಗಳು ಕೂಡಿಕೊಳ್ಳುತ್ತವೆ. ಟೇಬಲ್‌ನ ಥರದ 1 ಮಿಲಿಆಂಪ್‌ನ ಮೂರು ಸೆನ್ಸರ್ ಅಂದರೆ ಗರಿಷ್ಠ 3 ಮಿಲಿಆಂಪ್, ಟೈಪ್ 3 ಕಾರ್ಡ್ ಕೂಡ ತಡೆಯುವುದಿಲ್ಲ. ಲೆಕ್ಕದಲ್ಲಿ 1ರ ಬದಲು 3 ಹಾಕಿ ರೆಸಿಸ್ಟರ್ ಆರಿಸಬಹುದು, ಆದರೆ ಇನ್ನೊಂದು ತೊಡಕು ಉಳಿಯುತ್ತದೆ. ಒಂದು ಸೆನ್ಸರ್ ಆನ್ ಆದಾಗ ಉಳಿದೆರಡರ ಮೇಲೆ ಬರೀ 4 ವೋಲ್ಟ್ ಉಳಿಯುತ್ತದೆ, ಅವಕ್ಕೆ ಬದುಕಲು ಅಷ್ಟು ಸಾಲದು. ಮೊದಲನೆಯದು ಆಫ್ ಆದಮೇಲೆ ಅವು ಮತ್ತೆ ಎದ್ದು ಸಿದ್ಧವಾಗಲು ಸ್ವಲ್ಪ ಸಮಯ ಬೇಕು, ಅಷ್ಟರಲ್ಲಿ ಒಂದರ ಮುಂದೆ ಲೋಹ ಇದ್ದರೂ ಸಿಗ್ನಲ್ ಒಂದು ಕ್ಷಣ ಕಡಿದುಹೋಗುತ್ತದೆ. ಇಂಥಲ್ಲಿ ಪ್ರತಿ ಸೆನ್ಸರ್‌ಗೂ ಬೇರೆ ಇನ್‌ಪುಟ್ ಕೊಟ್ಟು ಪ್ರೋಗ್ರಾಮಿನಲ್ಲಿ ಸೇರಿಸುವುದು ಮೇಲು.

230 ವೋಲ್ಟ್ ಎಸಿ ಸೆನ್ಸರ್‌ನಲ್ಲೂ ಇದೇ ಕಥೆ, ಚಿಕ್ಕ ರಿಲೇ ಎಳೆದದ್ದು ಬಿಡುವುದೇ ಇಲ್ಲ. ಆದರೆ ಅಲ್ಲಿ 24 ವೋಲ್ಟ್‌ನ ರೆಸಿಸ್ಟರ್ ಲೆಕ್ಕ ತೆಗೆದುಕೊಂಡು ಹೋಗಬೇಡಿ. 10 ಕಿಲೋಓಮ್ ಹಾಕಿದರೂ 5 ವ್ಯಾಟ್‌ಗಿಂತ ಜಾಸ್ತಿ ಬಿಸಿಯಾಗುತ್ತದೆ. ಅದಕ್ಕೆ ದೊಡ್ಡ ವ್ಯಾಟೇಜಿನ ವೈರ್‌ವೌಂಡ್ ರೆಸಿಸ್ಟರ್ ಬೇಕು, ಇಲ್ಲವೇ ರಿಲೇ ಕಾಯಿಲ್‌ಗೆ ಸಮಾನಾಂತರವಾಗಿ ಎಸಿಗೆಂದೇ ಮಾಡಿದ ಆರ್‌ಸಿ ಘಟಕ ಹಾಕುತ್ತಾರೆ.

ಕೇಬಲ್‌ನಲ್ಲಿ ಮೂರನೇ ವೈರ್ ಖಾಲಿ ಇದ್ದರೆ ಅಥವಾ ಹೊಸದಾಗಿ ಎಳೆಯಲು ಸಾಧ್ಯವಿದ್ದರೆ ಮೂರು ವೈರಿನ ಪಿಎನ್‌ಪಿ ಸೆನ್ಸರ್ ಹಾಕುವುದು ಎಲ್ಲಕ್ಕಿಂತ ಚೊಕ್ಕ ಕೆಲಸ, ಇನ್‌ಪುಟ್‌ನ ಕಾಮನ್ 0 ವೋಲ್ಟ್‌ಗೆ ಇದ್ದರೆ. ಕಾಮನ್ 24ಕ್ಕೆ ಇದ್ದರೆ ಎನ್‌ಪಿಎನ್ ತರಿಸಿ. ಅವುಗಳ ಲೀಕೇಜ್‌ಗೆ ಸ್ಟ್ಯಾಂಡರ್ಡ್ ಇಟ್ಟಿರುವ ಮಿತಿ 0.5 ಮಿಲಿಆಂಪ್, ಟೈಪ್ 1 ಇನ್‌ಪುಟ್ ತಡೆಯುವಷ್ಟೇ. ಆದರೆ ಆ 10 ಕಿಲೋಓಮ್ ಮಾಡ್ಯೂಲ್ ಮೇಲೆ ಅಷ್ಟಕ್ಕೂ 5 ವೋಲ್ಟ್ ಬಂದುಬಿಡುತ್ತದೆ, ಹಾಗಾಗಿ ಸೆನ್ಸರ್ ತರಿಸುವ ಮೊದಲು ಅದರ ಡೇಟಾಶೀಟಿನಲ್ಲಿ ನಿಜವಾದ ಅಂಕಿ ಎಷ್ಟಿದೆ ಅಂತ ನೋಡಿಕೊಳ್ಳಿ.